ಮಾವ ಮಾಡಿದ ಮಣ್ಣಿನ ಗಣಪನನ್ನು ಆನ್‌ಲೈನ್‌ನಲ್ಲಿ ಮಾರಲು ಹಾಕಿದ ಮೂರು ತಿಂಗಳು

2025ರ ಚೌತಿ ಮುಗಿದು ನಾಲ್ಕು ದಿನ ಆಯಿತು. ಮನೆಯ ಜಗಲಿಯಲ್ಲಿ ಇನ್ನೂ ರಟ್ಟಿನ ಚೂರು, ಅಂಟುಪಟ್ಟಿ, ಕಾಫಿ ಹೊಟ್ಟು ಬಿದ್ದಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಮುಂದಿನ ವರ್ಷ ಮನೆಯಲ್ಲಿ ಮಾಡಿದ ಗಣಪನನ್ನು ಆನ್‌ಲೈನ್‌ನಲ್ಲಿ ಮಾರಬೇಕು ಅನ್ನುವವರಿಗೆ, ನಾವು ಪಟ್ಟ ಕಷ್ಟದಲ್ಲಿ ಅರ್ಧವಾದರೂ ಕಡಿಮೆಯಾಗಲಿ.

ನಮ್ಮದು ಕುಶಾಲನಗರದ ಹತ್ತಿರ, ಕಾವೇರಿಯ ಪಕ್ಕದ ಒಂದು ಊರು. ಮಾವ ಸಣ್ಣವರಿದ್ದಾಗಿಂದ ಗೌರಿ, ಗಣಪ ಮಾಡಿಕೊಂಡು ಬಂದವರು. ಮೊದಲೆಲ್ಲ ಸಂತೆಗೆ ಹೋಗುತ್ತಿತ್ತು, ಸೋಮವಾರಪೇಟೆಯಿಂದ, ಮಡಿಕೇರಿಯಿಂದ ಮನೆಗೇ ಬಂದು ಒಯ್ಯುತ್ತಿದ್ದರು. ಈಚೆಗೆ ಕೊಳ್ಳುವವರು ಕಡಿಮೆಯಾದರು. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮ ಕಡೆಯವರೇ "ಆನ್‌ಲೈನ್‌ನಲ್ಲಿ ಹಾಕಿ, ಅಲ್ಲಿಂದಲೇ ತರಿಸಿಕೊಳ್ಳುತ್ತೇವೆ" ಅಂದರು. ಹಾಗೆ ಈ ಜೂನ್‌ನಲ್ಲಿ ಶುರುವಾಯಿತು. ಮಣ್ಣಿನ ಕೆಲಸ ಮಾವನದ್ದು, ಮೊಬೈಲ್, ರಟ್ಟು, ಕೊರಿಯರ್ ಎಲ್ಲ ನನ್ನದು.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಬೇಕಾದರೆ ಜಿಎಸ್‌ಟಿ ನೋಂದಣಿ ಇರಲೇಬೇಕು ಅಂತ ಎಲ್ಲರೂ ಹೆದರಿಸಿದರು. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳಿಗೆ ಒಂದು ದಾರಿ ಇದೆ. ವಹಿವಾಟು ಮಿತಿಯೊಳಗಿದ್ದು, ಸ್ವಂತ ರಾಜ್ಯದೊಳಗೆ ಮಾತ್ರ ಮಾರುವುದಾದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಮಾವನ ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮನೆಯ ವಿಳಾಸದ ದಾಖಲೆ ಇಟ್ಟುಕೊಂಡು ಕೂತೆವು. ಪ್ಯಾನ್‌ನಲ್ಲಿ ಮಾವನ ಅಪ್ಪನ ಹೆಸರು ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ ಇತ್ತು. ಅದನ್ನು ಸರಿ ಮಾಡಿಸಲು ಹತ್ತು ದಿನ ಹೋಯಿತು. ನೀವು ಈ ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಿಕೊಳ್ಳಿ. ಮಣ್ಣಿನ ವಿಗ್ರಹಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಬೆಲೆ ಹಾಕುವಾಗ ಆ ಲೆಕ್ಕ ಬೇಡ.

ಕಷ್ಟ ಶುರುವಾದದ್ದು ಗಣಪನ ವಿವರ ತುಂಬುವ ಪುಟದಲ್ಲಿ. ಮೊದಲ ಖಾನೆಯೇ `Material`. ಆರಿಸಿಕೊಳ್ಳಲು ಪಟ್ಟಿ ಇತ್ತು: `Clay`, `Terracotta`, `Resin`, ಹೀಗೆ. ಟೆರಾಕೋಟಾ ಅಂದರೂ ಮಣ್ಣೇ ಅಲ್ವಾ, ಹೆಸರು ಚೆನ್ನಾಗಿದೆ ಅಂತ ಅದನ್ನೇ ಒತ್ತಿದೆ. ಮೂರೇ ದಿನದಲ್ಲಿ ಒಬ್ಬರು ಪ್ರಶ್ನೆ ಕಳಿಸಿದರು. "ಟೆರಾಕೋಟಾ ಅಂತ ಇದೆ, ವಿಸರ್ಜನೆಗೆ ಆಗುತ್ತದೆ ಅಂತಲೂ ಇದೆ. ಎರಡೂ ಹೇಗೆ ನಿಜ?" ಮಾವನಿಗೆ ಓದಿ ಹೇಳಿದೆ. ಅವರು ಕೈ ಒರೆಸಿಕೊಂಡು ಎದ್ದು ಹೋಗಿ ಒಂದು ಹಳೆಯ ಹಂಚಿನ ಚೂರು ತಂದು ನನ್ನ ಮುಂದೆ ಇಟ್ಟರು. "ಸುಟ್ಟ ಮಣ್ಣು ಇದು. ನೂರು ವರ್ಷ ಹೊಳೆಯಲ್ಲಿದ್ದರೂ ಹೀಗೇ ಇರುತ್ತೆ. ನಮ್ಮ ಗಣಪ ಹಸಿಮಣ್ಣು ಕಣಮ್ಮ, ಒಲೆ ಕಂಡಿಲ್ಲ" ಅಂದರು.

ಅದೇ ವ್ಯತ್ಯಾಸ. ಟೆರಾಕೋಟಾ ಅಂದರೆ ಸುಟ್ಟದ್ದು. ಮಣ್ಣನ್ನು ಒಮ್ಮೆ ಸುಟ್ಟರೆ ಅದು ಮತ್ತೆ ನೀರಿನಲ್ಲಿ ಕರಗಿ ಮಣ್ಣಾಗುವುದಿಲ್ಲ. ಗಾಳಿಗೆ ಒಣಗಿಸಿದ್ದು ಮಾತ್ರ ಕರಗುತ್ತದೆ. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ಮಣ್ಣೇ ಅಲ್ಲ, ಅದು ಜಿಪ್ಸಂ ಸುಟ್ಟು ಮಾಡಿದ ಪುಡಿ. ನೀರು ಹಾಕಿದಾಗ ಗಟ್ಟಿಯಾಗುವ ಗುಣ ಅದರದ್ದು. ಆದ್ದರಿಂದ ಸುಮ್ನೆ "ಮಣ್ಣಿನದು" ಅಂತ ಬರೆದರೆ ಸಾಲದು. ನಾನು ಖಾನೆಯಲ್ಲಿ `Clay` ಹಾಕಿ, ಕೆಳಗೆ ಕನ್ನಡದಲ್ಲಿ "ಕೆರೆಯ ಜೇಡಿಮಣ್ಣು, ಸುಟ್ಟಿಲ್ಲ, ಗಾಳಿಯಲ್ಲಿ ಒಣಗಿಸಿದ್ದು, ಒಳಗೆ ಟೊಳ್ಳು" ಅಂತ ಸೇರಿಸಿದೆ. ಜೊತೆಗೆ ಪೀಠದ ಅಡಿಭಾಗದ ಫೋಟೊ ಹಾಕಿದೆ. ಅಡಿಗೆ ಬಣ್ಣ ಹಚ್ಚಿರುವುದಿಲ್ಲವಲ್ಲ, ಮಣ್ಣಿನ ಬಣ್ಣ, ಒಳಗೋಡೆಯಲ್ಲಿ ಮಾವನ ಬೆರಳಿನ ಗುರುತು ಎಲ್ಲ ಕಾಣುತ್ತದೆ. ಆ ಒಂದು ಫೋಟೊ ಹಾಕಿದ ಮೇಲೆ "ಪಿಒಪಿನಾ?" ಅಂತ ಕೇಳುವವರು ನಿಂತರು.

ಇನ್ನು ಎತ್ತರ. ಇದರಲ್ಲಿ ನಮಗೆ ದುಡ್ಡೂ ಹೋಯಿತು, ಮನಸ್ಸಿಗೂ ಬೇಜಾರಾಯಿತು.

ಮಾವನ ಅಚ್ಚಿಗೆ "ಹನ್ನೆರಡು ಇಂಚಿನ ಅಚ್ಚು" ಅಂತಲೇ ಹೆಸರು. ನಾನು `Height` ಖಾನೆಯಲ್ಲಿ 12 ಇಂಚು ಅಂತ ಹಾಕಿದೆ. ಮೊದಲ ಆರ್ಡರ್ ಮೈಸೂರಿಗೆ ಹೋಯಿತು. ತಲುಪಿದ ದಿನ ಸಂಜೆಯೇ ವಾಪಸ್ಸಿನ ಕೋರಿಕೆ ಬಂತು, ಟೇಪು ಹಿಡಿದ ಫೋಟೊ ಸಮೇತ. ಹನ್ನೊಂದೂ ಕಾಲು ಇಂಚು. ಅವರು ಬರೆದ ಮಾತಿನಲ್ಲಿ ಕೋಪ ಇರಲಿಲ್ಲ, "ಹೇಳಿದ್ದು ಒಂದು, ಕಳಿಸಿದ್ದು ಒಂದು" ಅಂತ ಅಷ್ಟೇ ಇತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ವಾಪಸ್ಸು ಬರುವಾಗ ಗಣಪನ ಸೊಂಡಿಲು, ಒಂದು ಕಿವಿ ಮುರಿದಿತ್ತು. ಹೋಗಿ ಬಂದ ಕೊರಿಯರ್ ಖರ್ಚು ನಮ್ಮ ಮೇಲೇ ಬಿತ್ತು.

ಮಾವ ಹೇಳಿದಾಗಲೇ ನನಗೆ ಅರ್ಥವಾದದ್ದು, ಮಣ್ಣು ಒಣಗುವಾಗ ಕುಗ್ಗುತ್ತದೆ. ಅಚ್ಚಿನಿಂದ ತೆಗೆದಾಗ ಹನ್ನೆರಡು ಇಂಚು ಇದ್ದದ್ದು ನೀರು ಹೋದ ಮೇಲೆ ಮುಕ್ಕಾಲು ಇಂಚು ಕಡಿಮೆಯಾಗಿತ್ತು. ಮಣ್ಣು ಎಷ್ಟು ಜಿಗುಟೋ ಅಷ್ಟು ಜಾಸ್ತಿ ಕುಗ್ಗುತ್ತದೆ, ಮರಳು ಸ್ವಲ್ಪ ಇದ್ದರೆ ಕಡಿಮೆ. ಹಾಗಾಗಿ ಒಂದೇ ಅಚ್ಚಿನಲ್ಲಿ ಬೇರೆ ಕೆರೆಯ ಮಣ್ಣು ಹಾಕಿದರೂ ಎತ್ತರ ಬದಲಾಗುತ್ತದೆ. ಅಚ್ಚಿನ ಅಳತೆಯನ್ನು ಯಾವತ್ತೂ ಹಾಕಬೇಡಿ. ಪೂರ್ತಿ ಒಣಗಿ ಬಣ್ಣ ಹಚ್ಚಿದ ಮೇಲೆ, ನೆಲದಿಂದ ಕಿರೀಟದ ತುದಿವರೆಗೆ ಅಳೆದು ಹಾಕಿ. ಪೀಠ ಸೇರಿಯಾ ಇಲ್ಲವಾ ಅಂತಲೂ ಬರೆಯಿರಿ. ಅಗಲ, ದಪ್ಪ ಕೂಡ ಬೇಕು. ತುಂಬಾ ಜನರ ಮನೆಯಲ್ಲಿ ದೇವರ ಮಂಟಪ ಮೊದಲೇ ಇರುತ್ತದೆ, ಗಣಪ ಅದರೊಳಗೆ ಕೂರಬೇಕು. ನಮ್ಮದು ಅಗಲ 8, ದಪ್ಪ 7 ಇಂಚು. ಅದನ್ನು ಬರೆದ ಮೇಲೆ ಒಬ್ಬರು "ನಮ್ಮ ಮಂಟಪ ಎಂಟೂವರೆ ಇದೆ, ಸರಿಹೋಗುತ್ತೆ" ಅಂತ ಹೇಳಿಯೇ ತೆಗೆದುಕೊಂಡರು.

ಪೂರ್ತಿ ಒಣಗಿದೆ ಅಂತ ಹೇಗೆ ಗೊತ್ತಾಗುವುದು? ಕೊಡಗಿನವರಿಗೆ ಇದೇ ದೊಡ್ಡ ಪ್ರಶ್ನೆ. ಈ ವರ್ಷ ಮೇ ಕೊನೆಯಲ್ಲೇ ಮಳೆ ಹಿಡಿದುಕೊಂಡಿತು. ಜುಲೈ ಪೂರ್ತಿ ಬಟ್ಟೆಯೇ ಒಣಗಲಿಲ್ಲ, ಇನ್ನು ಗಣಪ ಎಲ್ಲಿ ಒಣಗುತ್ತಾನೆ? ಬಿಸಿಲಿದ್ದರೆ ಐದಾರು ದಿನದ ಕೆಲಸ, ಈ ಸಲ ಹನ್ನೆರಡು ದಿನ ತೆಗೆದುಕೊಂಡಿತು. ಅವಸರಕ್ಕೆ ನಾನು ನಾಲ್ಕು ಗಣಪರನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಮಾರನೆಯ ಬೆಳಿಗ್ಗೆ ನಾಲ್ಕಕ್ಕೂ ಕುತ್ತಿಗೆಯಲ್ಲಿ ಕೂದಲೆಳೆಯಂಥ ಬಿರುಕು. ಒಂದು ಕಡೆ ಬೇಗ ಒಣಗಿ ಕುಗ್ಗಿತು, ಇನ್ನೊಂದು ಕಡೆ ಹಸಿಯಾಗಿಯೇ ಇತ್ತು, ನಡುವೆ ಎಳೆದು ಬಿಟ್ಟಿತು. ಮಾವ ಬೈಯಲಿಲ್ಲ. ಉಳಿದವನ್ನೆಲ್ಲ ಗೋಣಿಚೀಲ ಹೊದಿಸಿ ಜಗಲಿಯ ಮೂಲೆಯಲ್ಲಿ ಇಟ್ಟರು. ದಿನಕ್ಕೊಮ್ಮೆ ದಿಕ್ಕು ತಿರುಗಿಸಿದರು. ಮೂರು ದಿನ ಕಳೆದ ಮೇಲೆ ಗೋಣಿ ತೆಗೆದರು.

ಅವರು ಒಣಗಿದೆಯಾ ಅಂತ ನೋಡುವುದು ಕೆನ್ನೆಯಿಂದ. ಗಣಪನ ಬೆನ್ನಿಗೆ ಕೆನ್ನೆ ತಾಗಿಸುತ್ತಾರೆ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ನನಗೆ ಅದು ತಿಳಿಯಲಿಲ್ಲ, ನಮ್ಮ ಮನೆಯಲ್ಲಿ ಎಲ್ಲವೂ ತಣ್ಣಗೇ ಇರುತ್ತದೆ. ನಾನು ಕಾಫಿ ಬೀಜ ತೂಗುವ ತಕ್ಕಡಿಯಲ್ಲಿ ದಿನಾ ತೂಗಿದೆ. ಅಚ್ಚಿನಿಂದ ತೆಗೆದ ದಿನ 4 ಕೆಜಿ 400 ಗ್ರಾಂ. ಏಳನೇ ದಿನ 3 ಕೆಜಿ 700. ಹತ್ತನೇ ದಿನ 3 ಕೆಜಿ 520. ಹನ್ನೊಂದು, ಹನ್ನೆರಡನೇ ದಿನ 3 ಕೆಜಿ 500ರಲ್ಲೇ ನಿಂತಿತು. ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿದೆ ಅಂತ ಲೆಕ್ಕ. ಅಲ್ಲಿವರೆಗೆ ಬಣ್ಣಕ್ಕೆ ಕೈ ಹಾಕಬೇಡಿ.

ಬಣ್ಣದ ಖಾನೆಗೆ ಬಂದಾಗ ನಾನು ಧೈರ್ಯವಾಗಿ "ವಾಟರ್ ಬೇಸ್ಡ್, ಪರಿಸರಸ್ನೇಹಿ" ಅಂತ ಬರೆದಿದ್ದೆ. ಯಾಕೆಂದರೆ ಬಣ್ಣದ ಡಬ್ಬಿಯ ಮೇಲೆ ಹಾಗೇ ಇತ್ತು. ಎರಡು ವರ್ಷದಿಂದ ಮಾವ ಅಂಗಡಿಯ ಅಕ್ರಿಲಿಕ್ ಬಣ್ಣ ಬಳಸುತ್ತಿದ್ದರು. ಮಳೆಗಾಲದಲ್ಲಿ ಅದು ಕೈಗೆ ಅಂಟುವುದಿಲ್ಲ, ಬೇಗ ಒಣಗುತ್ತದೆ, ಅದಕ್ಕೆ. ಆದರೆ ಟೆರಾಕೋಟಾ ಪ್ರಶ್ನೆ ಬಂದ ಮೇಲೆ ನನಗೆ ಭಯ ಹುಟ್ಟಿತ್ತು. ಬರೆದದ್ದು ನಿಜವಾ ಅಂತ ನಾವೇ ಮುಳುಗಿಸಿ ನೋಡೋಣ ಅಂದೆ. ಪೂಜೆಗೆ ಕೂರಿಸದ, ಬಿರುಕು ಬಿಟ್ಟ ಗಣಪರು ಹೇಗೂ ಇದ್ದರು. ಬಣ್ಣ ಹಚ್ಚದ್ದು ಒಂದು, ಅಕ್ರಿಲಿಕ್ ಹಚ್ಚಿದ್ದು ಒಂದು. ಇಪ್ಪತ್ತು ಲೀಟರಿನ ಎರಡು ಬಕೆಟ್ ತುಂಬಿ ಜಗಲಿಯಲ್ಲಿ ಇಟ್ಟೆವು.

ಬಣ್ಣವಿಲ್ಲದ್ದನ್ನು ಬಿಟ್ಟ ತಕ್ಷಣ ಮೈಯಿಡೀ ಸಣ್ಣ ಗುಳ್ಳೆಗಳು ಎದ್ದವು. ಒಣಗಿದ ಮಣ್ಣು ನೀರು ಹೀರಿಕೊಳ್ಳುವಾಗ ಒಳಗಿನ ಗಾಳಿ ಹೊರಗೆ ಬರುವುದು ಅದು. ಹತ್ತು ನಿಮಿಷಕ್ಕೆ ಪೀಠದ ಅಂಚು ಪದರ ಪದರವಾಗಿ ಕಳಚಿತು. ಅರ್ಧ ಗಂಟೆಗೆ ಕೈಗಳು ಉದುರಿದವು. ಊಟ ಮಾಡಿ ಬರುವಷ್ಟರಲ್ಲಿ ತಲೆ ಮಾತ್ರ ಉಳಿದಿತ್ತು. ಬೆಳಿಗ್ಗೆ ಬಕೆಟ್ಟಿನ ತಳದಲ್ಲಿ ಮೆತ್ತಗಿನ ಕೆಸರು, ಅದರಲ್ಲಿ ಒಂದು ತುಂಡು ಕಬ್ಬಿಣದ ತಂತಿ. ಸೊಂಡಿಲು ಗಟ್ಟಿಯಾಗಿರಲಿ ಅಂತ ಮಾವ ಒಳಗೆ ಇಟ್ಟಿದ್ದು. ಅದನ್ನು ನೋಡಿ ಅವರಿಗೇ ನೋವಾಯಿತು. ಮಕ್ಕಳು ಹೊಳೆಗೆ ಇಳಿದರೆ ಕಾಲಿಗೆ ಚುಚ್ಚುತ್ತಲ್ಲ ಅಂದರು. ಆ ದಿನದಿಂದ ತಂತಿ ಬಿಟ್ಟು ತೆಂಗಿನ ಗರಿಯ ಕಡ್ಡಿ ಹಾಕಿದರು.

ಇನ್ನೊಂದು ಬಕೆಟ್ ನೋಡಿದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಟೊಳ್ಳಿನ ಒಳಗಿಂದ ನೀರು ಹೋಗಿ ಮಣ್ಣು ಕರಗಿತ್ತು. ಆದರೆ ಬಣ್ಣ ಹಾಗೇ ಇತ್ತು. ಹಾವಿನ ಪೊರೆಯಂತೆ ಗಣಪನ ಹೊಟ್ಟೆ, ಪಂಚೆ ಎಲ್ಲ ತೆಳ್ಳಗೆ ಸುಲಿದು ನೀರಿನಲ್ಲಿ ಅಲ್ಲಾಡುತ್ತಿತ್ತು. ಬೆರಳಿನಿಂದ ಎತ್ತಿದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಬಂತು. ವಾಟರ್ ಬೇಸ್ಡ್ ಅಂದರೆ ಹಚ್ಚುವಾಗ ನೀರಿನಲ್ಲಿ ಬೆರೆಯುತ್ತದೆ ಅಂತ ಅಷ್ಟೇ. ಒಣಗಿದ ಮೇಲೆ ಅಕ್ರಿಲಿಕ್ ನೀರಿನಲ್ಲಿ ಕರಗುವುದಿಲ್ಲ. ಚಿನ್ನದ ಬಣ್ಣವೂ ಹಾಗೇ, ಚೂರು ಚೂರಾಗಿ ಮೇಲೆ ತೇಲುತ್ತಿತ್ತು. ಇದನ್ನು ಪರಿಸರಸ್ನೇಹಿ ಅಂತ ಬರೆದು ಮಾರಲು ನನಗೆ ಮನಸ್ಸು ಒಪ್ಪಲಿಲ್ಲ. ಆ ರಾತ್ರಿಯೇ ಪುಟವನ್ನು ತಾತ್ಕಾಲಿಕವಾಗಿ ಮುಚ್ಚಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಓದಿದೆ. ಪಿಒಪಿ, ಥರ್ಮೋಕೋಲ್ ಬೇಡ, ವಿಷಕಾರಿ ರಾಸಾಯನಿಕ ಬಣ್ಣ ಬೇಡ, ನೈಸರ್ಗಿಕ ಬಣ್ಣ ಬಳಸಿ ಅಂತ ಇದೆ. ಮಾವನಿಗೆ ಇದು ಹೊಸದೇನಲ್ಲ, ಅವರ ಅಪ್ಪ ಕೆಮ್ಮಣ್ಣು, ಅರಿಶಿನ, ದೀಪದ ಮಸಿಯಲ್ಲೇ ಮಾಡುತ್ತಿದ್ದರಂತೆ. ಹಾಗೇ ಮಾಡೋಣ ಅಂದುಕೊಂಡು ಮೊದಲು ಬಿಳಿಗೆ ಸುಣ್ಣ ಬಳಿದು, ಅದರ ಮೇಲೆ ಪಂಚೆಗೆ ಅರಿಶಿನ ಹಚ್ಚಿದೆ. ಕಣ್ಣೆದುರೇ ಹಳದಿ ಕೆಂಪಾಯಿತು. ಆರತಿಗೆ ಅರಿಶಿನ ಸುಣ್ಣ ಕಲಸಿ ಓಕುಳಿ ಮಾಡುವವಳು ನಾನೇ, ಆದರೂ ಹೊಳೆಯಲಿಲ್ಲ. ಅರಿಶಿನದ ಅಡಿಗೆ ಸುಣ್ಣ ಬೇಡ. ಬಿಳಿ ಜೇಡಿಮಣ್ಣನ್ನು ತೆಳುವಾಗಿ ಕಲಸಿ ಬಳಿಯಿರಿ, ಅದರ ಮೇಲೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಬಣ್ಣ ಉದುರದಿರಲು ಮರದ ಗೋಂದನ್ನು ರಾತ್ರಿ ನೆನೆಸಿ ಸೋಸಿ ಬೆರೆಸಿದೆವು. ಗೋಂದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಬಕೆಟ್ಟಿನಲ್ಲಿ ಪೊರೆ ಉಳಿಯಲಿಲ್ಲ. ಅದನ್ನೂ ಮುಳುಗಿಸಿ ನೋಡಿಯೇ ಪುಟ ಮತ್ತೆ ತೆರೆದೆ.

ಈ ಬಣ್ಣಕ್ಕೆ ಎರಡು ಕೊರತೆ ಇದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಕೈಗೆ ಬರುತ್ತದೆ. ಅರಿಶಿನ ಬಿಸಿಲಿಗೆ ಮಂಕಾಗುತ್ತದೆ. ಎರಡನ್ನೂ ವಿವರದಲ್ಲಿ ಬರೆದೆ. ಬರೆದರೆ ಯಾರೂ ಕೊಳ್ಳುವುದಿಲ್ಲ ಅಂತ ನನ್ನ ಗಂಡ ಹೇಳಿದರು. ಹಾಗೇನೂ ಆಗಲಿಲ್ಲ. ಬಣ್ಣ ಕೈಗೆ ಬಂತು ಅಂತ ದೂರು ಒಂದೂ ಬರಲಿಲ್ಲ.

ಇನ್ನು ಪ್ಯಾಕಿಂಗ್. ಮುರಿದು ವಾಪಸ್ಸು ಬಂದ ಮೊದಲ ಗಣಪನಿಂದ ನಾನು ಕಲಿತದ್ದೇ ಜಾಸ್ತಿ. ಆಗ ಮಾಡಿದ್ದು ಇಷ್ಟು: ಗುಳ್ಳೆ ಹಾಳೆ ಸುತ್ತಿ, ಒಂದೇ ಪೆಟ್ಟಿಗೆಯಲ್ಲಿ ನಿಲ್ಲಿಸಿ, ಸುತ್ತ ಕಾಫಿ ಹೊಟ್ಟು ತುಂಬಿದ್ದೆ. ಕುಶಾಲನಗರದಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಕಡೆ ಹೊಟ್ಟು ಸುಲಭವಾಗಿ ಸಿಗುತ್ತದೆ, ಹಗುರ. ಆದರೆ ಲಾರಿ ಅಲ್ಲಾಡಿದ ಹಾಗೆ ಹೊಟ್ಟು ಕುಸಿದು ಕೆಳಗೆ ಸೇರುತ್ತದೆ, ಮೇಲೆ ಖಾಲಿಯಾಗುತ್ತದೆ. ತಲೆಯ ಭಾಗಕ್ಕೆ ಆಸರೆಯೇ ಇಲ್ಲ. ವಾಪಸ್ಸು ಬಂದ ಪೆಟ್ಟಿಗೆ ತೆರೆದಾಗ ಹೊಟ್ಟು ಗಣಪನ ಹೊಟ್ಟೆಯವರೆಗೆ ಮಾತ್ರ ಇತ್ತು. ಸೊಂಡಿಲು ಮುರಿದದ್ದು ಅದಕ್ಕೇ. ಜೊತೆಗೆ ಕಿರೀಟದ ಬಣ್ಣ ಉಜ್ಜಿ ಹೋಗಿ ಗುಳ್ಳೆ ಹಾಳೆಗೆ ಅಂಟಿತ್ತು.

ಮಣ್ಣಿನ ಗಣಪ ಮುರಿಯುವುದು ಯಾವಾಗಲೂ ನಾಲ್ಕೇ ಜಾಗದಲ್ಲಿ: ಸೊಂಡಿಲು, ಕಿವಿ, ಮೇಲಿನ ಎರಡು ಕೈ, ಕಿರೀಟದ ತುದಿ. ಅಂದರೆ ಹೊರಗೆ ಚಾಚಿಕೊಂಡು ಹಿಂದೆ ಆಸರೆ ಇಲ್ಲದ ಜಾಗ. ಆದ್ದರಿಂದ ಸುತ್ತುವ ಮೊದಲು ಆ ಸಂದುಗಳನ್ನು ತುಂಬಬೇಕು. ನಾವು ಬಣ್ಣದ ಮೇಲೆ ಮೊದಲು ತೆಳುವಾದ ಬಿಳಿ ಟಿಶ್ಯೂ ಕಾಗದ ಹಾಕಿದೆವು. ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಆಮೇಲೆ ಸೊಂಡಿಲಿನ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ಕಾಗದವನ್ನು ಮೆತ್ತಗೆ ಮುದುಡಿ ಇಟ್ಟೆವು. ಒತ್ತಿ ತುರುಕಬಾರದು, ಒತ್ತಿದರೆ ಅದೇ ಮುರಿಯುತ್ತದೆ. ಅದರ ಮೇಲೆ ಗುಳ್ಳೆ ಹಾಳೆ. ಅಷ್ಟಾದ ಮೇಲೆ ಗಣಪ ಒಂದು ಉರುಟಾದ ಗಂಟಿನ ಹಾಗೆ ಕಾಣಬೇಕು, ಎಲ್ಲೂ ಚಾಚಿರಬಾರದು. ಅದನ್ನು ಒಳಪೆಟ್ಟಿಗೆಗೆ ಬಿಗಿಯಾಗಿ ಕೂರಿಸಿ, ಒಳಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು, ನಡುವಿನ ನಾಲ್ಕು ಸೆಂಟಿಮೀಟರ್ ಜಾಗದಲ್ಲಿ ಎಲ್ಲ ಬದಿಗೂ ಮಡಿಸಿದ ರಟ್ಟಿನ ಪಟ್ಟಿ ಇಟ್ಟೆವು. ಬತ್ತದ ಹುಲ್ಲು ಇಡಬಹುದಿತ್ತು, ಆದರೆ ಮಳೆಗಾಲದ ಹುಲ್ಲಿನಲ್ಲಿ ತೇವ ಇರುತ್ತದೆ, ಬಣ್ಣ ಹಾಳಾಗುತ್ತದೆ.

ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಏನಾದರೂ ಸರಿದ ಸದ್ದು ಬಂದರೆ ಮತ್ತೆ ಬಿಚ್ಚಿ. ಮಾವ ನಾಲ್ಕು ಬಿರುಕಿನ ಗಣಪರಲ್ಲಿ ಉಳಿದದ್ದನ್ನು ಹೀಗೇ ಕಟ್ಟಿಸಿ, ಸೊಂಟದೆತ್ತರದಿಂದ ಅಂಗಳಕ್ಕೆ ಬೀಳಿಸಿದರು. ಒಮ್ಮೆ ಅಡಿ ಕೆಳಗಾಗಿ, ಒಮ್ಮೆ ಮಗ್ಗುಲಾಗಿ, ಒಮ್ಮೆ ಮೂಲೆಯ ಮೇಲೆ. ಬಿಚ್ಚುವಾಗ ನನ್ನ ಕೈ ನಡುಗುತ್ತಿತ್ತು. ಕುತ್ತಿಗೆಯ ಬಿರುಕು ಕೂಡ ಹೆಚ್ಚಾಗಿರಲಿಲ್ಲ.

ಮಳೆಗೆ ಅಂತ ಹೊರಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಲೇಬೇಕು. ಆದರೆ ಗಣಪ ಪೂರ್ತಿ ಒಣಗಿರದಿದ್ದರೆ ಪ್ಲಾಸ್ಟಿಕ್ ಒಳಗೆ ತೇವ ಕಟ್ಟಿಕೊಂಡು ಬಣ್ಣ ಬೆವರುತ್ತದೆ. ತಕ್ಕಡಿಯ ಲೆಕ್ಕ ಇಲ್ಲಿಗೂ ಬೇಕು.

ಕೊರಿಯರ್ ಕೌಂಟರಿನಲ್ಲಿ ಇನ್ನೊಂದು ಆಘಾತ. ಪೆಟ್ಟಿಗೆ ತೂಗಿದರೆ 5 ಕೆಜಿ ಇತ್ತು, ಬಿಲ್ಲು ಬಂದದ್ದು 10 ಕೆಜಿಗೆ. "ಮೇಡಂ, ಜಾಗಕ್ಕೂ ತೂಕ ಹಾಕ್ತೀವಿ" ಅಂದರು ಅಲ್ಲಿಯವರು. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ನಮ್ಮ ಪೆಟ್ಟಿಗೆ 34, 32, 43. ಗುಣಿಸಿದರೆ 46,784. ಭಾಗಿಸಿದರೆ 9.4 ಕೆಜಿ, ಅದನ್ನು ಪೂರ್ತಿ ಕೆಜಿಗೆ ಏರಿಸಿ 10. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಗಣಪನ ಬೆಲೆ 900 ಇಟ್ಟಿದ್ದೆವು, ಬೆಂಗಳೂರಿಗೆ ಕಳಿಸಲು 520, ರಟ್ಟು, ಹಾಳೆ, ಅಂಟುಪಟ್ಟಿಗೆ 110 ಆಯಿತು. ಬೆಲೆ ಹಾಕುವ ಮೊದಲೇ ಪೆಟ್ಟಿಗೆ ಕಟ್ಟಿ ಅಳೆಯಿರಿ. ಹಾಗೆ ಮಾಡದೆ ನಾವು ಮೊದಲ ಐದು ಗಣಪರಲ್ಲಿ ಮಾವನ ಕೂಲಿಯನ್ನೇ ಕಳೆದುಕೊಂಡೆವು.

ಆಗಸ್ಟ್ 16ಕ್ಕೆ ಆರ್ಡರ್ ನಿಲ್ಲಿಸಿದೆ. 26ಕ್ಕೆ ಗೌರಿ, 27ಕ್ಕೆ ಚೌತಿ. ನಮ್ಮ ಕಡೆ ರೈಲು ಇಲ್ಲ, ಎಲ್ಲ ರಸ್ತೆಯಲ್ಲೇ ಹೋಗಬೇಕು. ಮಳೆಗೆ ಮರ ಬಿದ್ದರೂ, ಮಣ್ಣು ಜರಿದರೂ ಒಂದು ದಿನ ಹೋಯಿತು. ಹಬ್ಬ ಮುಗಿದ ಮೇಲೆ ತಲುಪಿದ ಗಣಪನನ್ನು ಯಾರು ಏನು ಮಾಡಿಯಾರು? ಕೊನೆಯ ಪೆಟ್ಟಿಗೆ 22ಕ್ಕೆ ತಲುಪಿತು. ಒಟ್ಟು ಹದಿನೇಳು ಕಳಿಸಿದೆವು, ಮೊದಲನೆಯದು ಬಿಟ್ಟರೆ ಒಂದೂ ಮುರಿಯಲಿಲ್ಲ.

ಗೌರಿ ಹಬ್ಬದ ಬೆಳಿಗ್ಗೆ ಒಂದು ಫೋನ್ ಬಂತು. ಗಣಪನಿಗೆ ನಾಳೆ ಪಂಚಾಮೃತ ಅಭಿಷೇಕ ಮಾಡಬಹುದಾ ಅಂತ ಒಬ್ಬ ಅಜ್ಜಿ ಕೇಳಿದರು. ನನ್ನ ಎದೆ ಧಸಕ್ಕೆಂದಿತು. "ಬೇಡ ಅಜ್ಜಿ, ಹಸಿಮಣ್ಣು, ಕರಗಿಬಿಡುತ್ತಾನೆ. ಹೂವಿನಿಂದ ಎರಡು ಹನಿ ಪ್ರೋಕ್ಷಣೆ ಮಾಡಿ, ಅಭಿಷೇಕಕ್ಕೆ ಪಕ್ಕದಲ್ಲಿ ಅಡಿಕೆಯನ್ನೋ ಬೆಳ್ಳಿಯ ಗಣಪನನ್ನೋ ಇಟ್ಟುಕೊಳ್ಳಿ" ಅಂದೆ. ಅವರು ಕೇಳಿದ್ದು ನಮ್ಮ ಪುಣ್ಯ. ಇಷ್ಟೆಲ್ಲ ಬರೆದವಳು ಈ ಒಂದು ಸಾಲು ಬರೆದಿರಲಿಲ್ಲ. ಉಳಿದ ಹದಿನೈದು ಮನೆಗೂ ಆಗಲೇ ಸಂದೇಶ ಕಳಿಸಿದೆ.

ಈಗ ನಮ್ಮ ಪುಟದಲ್ಲಿರುವ ವಿವರ ಹೀಗಿದೆ. ಬೇಕಾದವರು ಅಳತೆ ಬದಲಿಸಿ ಬಳಸಿಕೊಳ್ಳಿ, ಆದರೆ ನಿಮ್ಮ ಬಕೆಟ್ಟಿನಲ್ಲಿ ನೋಡಿದ್ದನ್ನು ಮಾತ್ರ ಬರೆಯಿರಿ.

"ಪೂಜೆಗೆ ಮಣ್ಣಿನ ಗಣಪತಿ. ಕೆರೆಯ ಜೇಡಿಮಣ್ಣು, ಸುಟ್ಟಿಲ್ಲ, ಒಳಗೆ ಟೊಳ್ಳು, ಸೊಂಡಿಲಿನಲ್ಲಿ ತೆಂಗಿನ ಕಡ್ಡಿ ಇದೆ, ತಂತಿ ಇಲ್ಲ. ಒಣಗಿದ ಮೇಲೆ ಪೀಠ ಸೇರಿ ಎತ್ತರ 11¼ ಇಂಚು, ಅಗಲ 8, ದಪ್ಪ 7. ತೂಕ ಮೂರೂವರೆ ಕೆಜಿ. ಬಣ್ಣ: ಬಿಳಿ ಜೇಡಿ, ಅರಿಶಿನ, ಕೆಮ್ಮಣ್ಣು, ದೀಪದ ಮಸಿ, ಗೋಂದು. ಒದ್ದೆ ಕೈಗೆ ಬಣ್ಣ ಹತ್ತುತ್ತದೆ, ಬಿಸಿಲಿನಲ್ಲಿ ಇಡಬೇಡಿ. ಎರಡು ಪೆಟ್ಟಿಗೆಯಲ್ಲಿ ಬರುತ್ತದೆ. ಬಿಚ್ಚುವಾಗ ಒಳಪೆಟ್ಟಿಗೆಯ ಬದಿಯನ್ನು ಕತ್ತರಿಸಿ, ಪೀಠ ಹಿಡಿದು ಎತ್ತಿ, ಕೈ ಅಥವಾ ಕಿರೀಟ ಹಿಡಿದು ಎಳೆಯಬೇಡಿ. ಅಭಿಷೇಕ ಬೇಡ, ಪ್ರೋಕ್ಷಣೆ ಮಾತ್ರ. ವಿಸರ್ಜನೆಗೆ ಮೊದಲು ಹೂವು, ವಸ್ತ್ರ, ಹಾರ ತೆಗೆಯಿರಿ. ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿದರೆ ಬೆಳಗಾಗುವಷ್ಟರಲ್ಲಿ ಕರಗುತ್ತದೆ. ಆ ಮಣ್ಣು, ನೀರನ್ನು ಗಿಡದ ಬುಡಕ್ಕೆ ಹಾಕಬಹುದು."